ದೂರದ ಪೋರ್ಟ್‌ಗಳೇ ಮೊದಲು ಕೆಡುವುದೇಕೆ: ತೊಂಬತ್ತು ಮೀಟರಿನ ಮಿತಿ, ಪ್ಯಾಚ್ ಪ್ಯಾನೆಲ್ ಮತ್ತು ಕ್ರಾಸ್‌ಟಾಕ್

ಇಂದು ನಾನು ಒಂದೇ ಒಂದು ಕಟ್ಟಡದ ಒಂದೇ ಒಂದು ಪ್ಯಾಚ್ ಪ್ಯಾನೆಲ್ ಕುರಿತು ಮಾತನಾಡಲು ಬಂದಿದ್ದೇನೆ. ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದಲ್ಲಿರುವ ಆ ಕಚೇರಿಯ ಹೆಸರು ಇಲ್ಲಿ ಬೇಕಾಗಿಲ್ಲ. ಅಲ್ಲಿನ ಮೇಲಂತಸ್ತು ಉದ್ದಕ್ಕೆ ಚಾಚಿಕೊಂಡ ಒಂದೇ ಹಜಾರ. ಒಂದು ತುದಿಯಲ್ಲಿ ರ‍್ಯಾಕ್ ಇದೆ, ಇನ್ನೊಂದು ತುದಿಯಲ್ಲಿ ಲೆಕ್ಕಪತ್ರ ವಿಭಾಗದವರು ಕುಳಿತುಕೊಳ್ಳುತ್ತಾರೆ. ಹದಿನೈದು ವರ್ಷಕ್ಕೂ ಹಿಂದೆ ಎಳೆದ ಕ್ಯಾಟ್ 5ಇ ಕೇಬಲ್‌ಗಳು ಫಾಲ್ಸ್ ಸೀಲಿಂಗ್ ಮೇಲಿನಿಂದ ಹಾದುಹೋಗಿ ಇಪ್ಪತ್ತನಾಲ್ಕು ಪೋರ್ಟ್‌ಗಳ ಒಂದು ಪ್ಯಾನೆಲ್‌ಗೆ ಬಂದು ಸೇರುತ್ತವೆ. ಲೆಕ್ಕಪತ್ರ ವಿಭಾಗದವರ ದೂರು ಸರಳವಾಗಿತ್ತು. ಬೆಳಿಗ್ಗೆ ನೆಟ್‌ವರ್ಕ್ ಹೇಗೋ ನಡೆಯುತ್ತದೆ, ಊಟ ಮುಗಿಸಿ ಬಂದ ಮೇಲೆ ಕಡತಗಳು ತೆರೆಯುವುದೇ ಇಲ್ಲ. ಇಪ್ಪತ್ತನಾಲ್ಕು ಪೋರ್ಟ್‌ಗಳಲ್ಲಿ ತೊಂದರೆ ಇದ್ದದ್ದು ಕೊನೆಯ ಆರರಲ್ಲಿ ಮಾತ್ರ.

ನನ್ನನ್ನು ಕರೆಯುವ ಮುನ್ನ ಅವರು ಸ್ವಿಚ್ ಬದಲಿಸಿದ್ದರು, ಎರಡು ಕಂಪ್ಯೂಟರುಗಳ ನೆಟ್‌ವರ್ಕ್ ಕಾರ್ಡನ್ನೂ ಬದಲಿಸಿದ್ದರು. ಕೇಬಲ್ ಎಳೆದವರು ಎಂಟು ದೀಪಗಳ ಸಣ್ಣ ಟೆಸ್ಟರ್ ಹಾಕಿ, ಒಂದರಿಂದ ಎಂಟರವರೆಗೆ ಎಲ್ಲ ದೀಪಗಳೂ ಸಾಲಾಗಿ ಬೆಳಗುವುದನ್ನು ತೋರಿಸಿ, ಕೇಬಲ್‌ನಲ್ಲಿ ದೋಷವಿಲ್ಲ ಎಂದು ಬರೆದುಕೊಟ್ಟಿದ್ದರು. ಆ ದೀಪಗಳು ಸುಳ್ಳು ಹೇಳಲಿಲ್ಲ ಎಂಬುದನ್ನು ನೀವು ಗಮನಿಸಬೇಕು. ಈ ತುದಿಯ ತಂತಿ ಆ ತುದಿಯನ್ನು ಮುಟ್ಟುತ್ತದೆಯೇ ಎಂಬ ಒಂದೇ ಪ್ರಶ್ನೆಗೆ ಅವು ಉತ್ತರ ಹೇಳುತ್ತವೆ. ಮುಟ್ಟಿದ ಸಂಕೇತ ಕೇಳಿಸುವಷ್ಟು ಗಟ್ಟಿಯಾಗಿದೆಯೇ, ಪಕ್ಕದ ಗದ್ದಲದಿಂದ ಬೇರ್ಪಡಿಸಬಹುದಾಗಿದೆಯೇ ಎಂದು ಆ ಟೆಸ್ಟರ್‌ಗೆ ಗೊತ್ತಾಗುವುದಿಲ್ಲ.

ನಾನು ಮೊದಲು ಮಾಡಿದ ಕೆಲಸ, ನನ್ನ ಲ್ಯಾಪ್‌ಟಾಪನ್ನು ಆರರಲ್ಲಿ ಒಂದು ಪೋರ್ಟ್‌ಗೆ ಚುಚ್ಚಿ ಎರಡು ಆದೇಶಗಳನ್ನು ಓಡಿಸಿದ್ದು.

```
ethtool enp3s0 | grep Speed
ip -s -s link show dev enp3s0
```

ಮೊದಲನೆಯದು ಸಂಪರ್ಕದ ವೇಗ ಎಷ್ಟಕ್ಕೆ ನಿಂತಿದೆ ಎಂದು ಹೇಳುತ್ತದೆ. ಎರಡನೆಯದು ಬಂದ ಪ್ಯಾಕೆಟ್‌ಗಳಲ್ಲಿ ಎಷ್ಟು ಕೆಟ್ಟು ಬಂದವು ಎಂದು ಲೆಕ್ಕ ಕೊಡುತ್ತದೆ; ಅದರ `crc` ಕಾಲಮ್ಮಿನ ಮೇಲೆ ಕಣ್ಣಿಡಬೇಕು. ಬೆಳಿಗ್ಗೆ ಹನ್ನೊಂದಕ್ಕೆ ವೇಗ `1000Mb/s` ಇತ್ತು, ಆದರೆ ದೊಡ್ಡ ಕಡತವೊಂದನ್ನು ಎಳೆಯುತ್ತಿದ್ದಂತೆ `crc` ಸಂಖ್ಯೆ ಏರತೊಡಗಿತು. ಮಧ್ಯಾಹ್ನ ಎರಡೂವರೆಗೆ ಅದೇ ಪೋರ್ಟ್‌ನಲ್ಲಿ ಸಂಪರ್ಕ ಕಡಿದು, ಮತ್ತೆ ಸೇರಿ, ಕೊನೆಗೆ `100Mb/s` ಗೆ ಇಳಿದು ನಿಂತಿತು. ಸೋಜಿಗವೆಂದರೆ, ಇಳಿದ ಮೇಲೆ ತಪ್ಪುಗಳು ಪೂರ್ತಿ ನಿಂತುಹೋದವು. ಈ ನಡವಳಿಕೆಯೇ ನನಗೆ ದೋಷದ ಜಾತಿಯನ್ನು ಹೇಳಿಬಿಟ್ಟಿತು. ಅದು ಹೇಗೆಂದು ತಿಳಿಯಬೇಕಾದರೆ ಕೇಬಲ್‌ನ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಕೇಬಲ್‌ನ ಒಳಗೆ ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ ಹುರಿಗೊಂಡಿರುತ್ತವೆ. ಜೋಡಿಯ ಒಂದು ತಂತಿಯಲ್ಲಿ ಸಂಕೇತ ಏರಿದಾಗ ಇನ್ನೊಂದರಲ್ಲಿ ಅಷ್ಟೇ ಇಳಿಯುತ್ತದೆ. ತಂತಿಗಳು ಹುರಿಯಾಗಿರುವುದರಿಂದ ಪಕ್ಕದ ಜೋಡಿಗೆ ಒಮ್ಮೆ ಈ ತಂತಿ ಹತ್ತಿರ, ಮರುಕ್ಷಣ ಆ ತಂತಿ ಹತ್ತಿರ. ಹಾಗಾಗಿ ಒಂದರ ಪ್ರಭಾವವನ್ನು ಇನ್ನೊಂದು ಅಳಿಸಿಹಾಕುತ್ತದೆ. ನಾಲ್ಕು ಜೋಡಿಗಳ ಹುರಿಯ ಅಂತರವೂ ಬೇರೆಬೇರೆಯಾಗಿರುತ್ತದೆ. ಎರಡು ಜೋಡಿಗಳು ಒಂದೇ ಲಯದಲ್ಲಿ ಹುರಿಗೊಂಡಿದ್ದರೆ ಅವುಗಳ ಒಂದೇ ತಂತಿಗಳು ಉದ್ದಕ್ಕೂ ಎದುರುಬದುರಾಗಿಯೇ ಸಾಗಿ, ಈ ಅಳಿಸುವಿಕೆ ನಡೆಯುವುದಿಲ್ಲ. ಕೇಬಲ್ ಸುಲಿದು ನೋಡಿದವರಿಗೆ ಒಂದು ಜೋಡಿ ಬಿಗಿಯಾಗಿಯೂ ಇನ್ನೊಂದು ಸಡಿಲವಾಗಿಯೂ ಕಾಣುವುದು ಇದೇ ಕಾರಣಕ್ಕೆ. ಹುರಿ ಬಿಚ್ಚಿದ ಕಡೆಯಲ್ಲೆಲ್ಲ ಒಂದು ಜೋಡಿಯ ಸಂಕೇತ ಇನ್ನೊಂದಕ್ಕೆ ಸೋರುತ್ತದೆ. ಹಳೆಯ ಲ್ಯಾಂಡ್‌ಲೈನ್ ಫೋನುಗಳಲ್ಲಿ ಯಾರದೋ ಮನೆಯ ಮಾತು ನಮ್ಮ ಕಿವಿಗೆ ಬೀಳುತ್ತಿದ್ದುದನ್ನು ನಿಮ್ಮಲ್ಲಿ ಹಿರಿಯರು ನೆನಪಿಸಿಕೊಳ್ಳಬಹುದು. ಕ್ರಾಸ್‌ಟಾಕ್ ಎಂಬ ಹೆಸರು ಅಲ್ಲಿಂದಲೇ ಬಂದದ್ದು.

ಈಗ ನನ್ನ ಮಾತಿನ ತಿರುಳಿಗೆ ಬರುತ್ತೇನೆ. ಕೃಷ್ಣರಾಜ ಮಾರುಕಟ್ಟೆಯ ಹೂವಿನ ಅಂಗಡಿಗಳ ನಡುವೆ ನೀವು ನಿಂತಿದ್ದೀರಿ ಎಂದುಕೊಳ್ಳಿ. ನಿಮ್ಮ ಕಿವಿಯ ಪಕ್ಕದಲ್ಲೇ ವ್ಯಾಪಾರಿಯೊಬ್ಬರು ಕೂಗುತ್ತಿದ್ದಾರೆ. ನಿಮ್ಮ ಸ್ನೇಹಿತ ಎರಡು ಮಾರು ದೂರದಿಂದ ಮಾತನಾಡಿದರೆ ಕಷ್ಟವಿಲ್ಲದೆ ಕೇಳಿಸುತ್ತದೆ. ಅದೇ ಸ್ನೇಹಿತ ಬೀದಿಯ ಆ ತುದಿಯಿಂದ ಅಷ್ಟೇ ದನಿಯಲ್ಲಿ ಮಾತನಾಡಿದರೆ ಏನೂ ಕೇಳಿಸದು. ವ್ಯಾಪಾರಿಯ ದನಿ ಎರಡೂ ಸಲ ಒಂದೇ ಆಗಿತ್ತು, ಕ್ಷೀಣಿಸಿದ್ದು ಸ್ನೇಹಿತನ ದನಿ. ಸ್ವಿಚ್‌ನ ಪೋರ್ಟ್‌ಗೂ ಇದೇ ಪರಿಸ್ಥಿತಿ. ದೂರದ ಕಂಪ್ಯೂಟರ್ ಕಳುಹಿಸಿದ ಸಂಕೇತ ಇಡೀ ಕೇಬಲ್ ನಡೆದು ಸೊರಗಿ ಬಂದಿರುತ್ತದೆ. ಪೋರ್ಟ್ ತಾನೇ ಪಕ್ಕದ ಜೋಡಿಗೆ ಹಾಕುತ್ತಿರುವ ಸಂಕೇತ ಪ್ಯಾನೆಲ್‌ನ ಹಿಂಬದಿಯಲ್ಲಿ, ಒಂದೆರಡು ಅಡಿಯೊಳಗೇ, ಪೂರ್ಣ ಬಲದಲ್ಲಿರುವಾಗ ಸೋರಿ ಬರುತ್ತದೆ. ಹತ್ತಿರದ ತುದಿಯ ಈ ಸೋರಿಕೆಯನ್ನು ಟೆಸ್ಟರ್‌ಗಳು ನೆಕ್ಸ್ಟ್ ಎಂದು ಕರೆಯುತ್ತವೆ. ಕೇಬಲ್ ಎಷ್ಟು ಉದ್ದವಿದೆ ಎಂಬುದು ಈ ಸೋರಿಕೆಯನ್ನು ಹೆಚ್ಚು ಬದಲಿಸುವುದಿಲ್ಲ. ಉದ್ದ ಬದಲಿಸುವುದು ಸ್ನೇಹಿತನ ದನಿಯನ್ನು.

ಇದನ್ನು ಅಂಕಿಯಲ್ಲಿ ಇಟ್ಟು ನೋಡೋಣ. ಕ್ಯಾಟ್ 5ಇ ಮಾನದಂಡದ ಪ್ರಕಾರ ನೂರು ಮೀಟರಿನ ಪೂರ್ಣ ಚಾನೆಲ್‌ನಲ್ಲಿ, 100 ಮೆಗಾಹರ್ಟ್ಸ್‌ನಲ್ಲಿ, ಸಂಕೇತದ ನಷ್ಟ 24 ಡೆಸಿಬೆಲ್ ಮೀರುವಂತಿಲ್ಲ. ಅಂದರೆ ಒಂದು ವೋಲ್ಟ್ ಕಳುಹಿಸಿದರೆ ಆ ತುದಿಗೆ ಸುಮಾರು 63 ಮಿಲಿವೋಲ್ಟ್ ತಲುಪುತ್ತದೆ. ನೆಕ್ಸ್ಟ್‌ನ ಅಂಕಿ ದೊಡ್ಡದಾದಷ್ಟೂ ಸೋರಿಕೆ ಕಡಿಮೆ ಎಂದರ್ಥ. ಅದೇ ಆವರ್ತನದಲ್ಲಿ ಅದು ಕನಿಷ್ಠ 30.1 ಡೆಸಿಬೆಲ್ ಇರಬೇಕು, ಅಂದರೆ ಪಕ್ಕದಿಂದ ಸೋರುವುದು ಸುಮಾರು 31 ಮಿಲಿವೋಲ್ಟ್‌ನೊಳಗಿರಬೇಕು. ಎಲ್ಲವೂ ನಿಯಮದ ಅಂಚಿನಲ್ಲಿದ್ದಾಗಲೂ ಸಂಕೇತ ಗದ್ದಲದ ಎರಡರಷ್ಟು ಇರುತ್ತದೆ. ಈಗ ಪ್ಯಾನೆಲ್‌ನಲ್ಲಿ ಹುರಿ ಬಿಚ್ಚಿ, ನೆಕ್ಸ್ಟ್ 24 ಡೆಸಿಬೆಲ್‌ಗೆ ಕುಸಿಯಿತು ಎನ್ನಿ. ಸೋರಿಕೆ 63 ಮಿಲಿವೋಲ್ಟ್ ಆಯಿತು. ನೂರು ಮೀಟರ್ ನಡೆದು ಬಂದ ಸಂಕೇತವೂ 63, ಪಕ್ಕದ ಗದ್ದಲವೂ 63. ಅದೇ ಕೆಟ್ಟ ಪ್ಯಾನೆಲ್‌ನಲ್ಲಿ ಇಪ್ಪತ್ತು ಮೀಟರಿನ ಕೇಬಲ್ ಇದ್ದರೆ ನಷ್ಟ ಐದು ಡೆಸಿಬೆಲ್ ಆಸುಪಾಸು, ಸಂಕೇತ 560 ಮಿಲಿವೋಲ್ಟ್‌ನಷ್ಟು, ಗದ್ದಲದ ಒಂಬತ್ತರಷ್ಟು. ದೋಷ ಒಂದೇ, ಆದರೆ ಹತ್ತಿರದ ಪೋರ್ಟ್‌ನವರಿಗೆ ಅದು ಇದೆ ಎಂಬುದೇ ತಿಳಿಯುವುದಿಲ್ಲ.

ಇಲ್ಲಿ ಪ್ರಾಮಾಣಿಕವಾಗಿ ಒಂದು ಮಾತು ಸೇರಿಸಬೇಕು. ಗಿಗಾಬಿಟ್ ಈಥರ್ನೆಟ್ ನಾಲ್ಕೂ ಜೋಡಿಗಳಲ್ಲಿ ಏಕಕಾಲಕ್ಕೆ ಎರಡೂ ದಿಕ್ಕಿಗೆ ಸಂಕೇತ ಕಳುಹಿಸುತ್ತದೆ, ಒಂದೊಂದು ಜೋಡಿಯಲ್ಲಿ ಸೆಕೆಂಡಿಗೆ 250 ಮೆಗಾಬಿಟ್. ಪಕ್ಕದ ಜೋಡಿಗಳಿಗೆ ಏನು ಕಳುಹಿಸುತ್ತಿದ್ದೇನೆ ಎಂಬುದು ಆ ಚಿಪ್‌ಗೆ ತಾನೇ ಗೊತ್ತಿರುವುದರಿಂದ ಅದು ಆ ಸೋರಿಕೆಯನ್ನು ಲೆಕ್ಕಹಾಕಿ ಬಹುಪಾಲು ಕಳೆದುಬಿಡುತ್ತದೆ. ಅದರ ಸಂಕೇತದ ಹೆಚ್ಚಿನ ಶಕ್ತಿ ಇರುವುದೂ 100 ಮೆಗಾಹರ್ಟ್ಸ್‌ಗಿಂತ ಕೆಳಗೆ. ಆದ್ದರಿಂದ ನಾನು ಹೇಳಿದ ಸಮಬಲದ ಲೆಕ್ಕಕ್ಕೆ ಸಂಪರ್ಕ ಕೂಡಲೇ ಸಾಯುವುದಿಲ್ಲ. ಆದರೆ ಈ ಕಳೆಯುವ ಸಾಮರ್ಥ್ಯವನ್ನು ಮಾನದಂಡದ ಮಿತಿಯೊಳಗಿನ ಕೇಬಲ್‌ಗಾಗಿ ಅಳೆದು ಕೊಟ್ಟಿರುತ್ತಾರೆ. ಮಿತಿ ಮೀರಿದ ಮೇಲೆ ಉಳಿಯುವ ಶೇಷವೇ ನಾವು ಕಂಡ `crc` ತಪ್ಪುಗಳು.

ವೇಗ ಇಳಿದ ಮೇಲೆ ತಪ್ಪುಗಳು ಏಕೆ ನಿಂತವು ಎಂಬುದಕ್ಕೂ ಇಲ್ಲೇ ಉತ್ತರವಿದೆ. ನೂರು ಮೆಗಾಬಿಟ್‌ನ ಈಥರ್ನೆಟ್ ಎರಡೇ ಜೋಡಿಗಳನ್ನು ಬಳಸುತ್ತದೆ: ಪ್ಲಗ್ಗಿನ ಎಂಟು ಪಿನ್‌ಗಳಲ್ಲಿ 1-2 ಮತ್ತು 3-6. ನಮ್ಮಲ್ಲಿ ಸಾಮಾನ್ಯವಾದ ಟಿ568ಬಿ ಎಂಬ ಬಣ್ಣದ ಕ್ರಮದಲ್ಲಿ ಅವು ಕಿತ್ತಳೆ ಮತ್ತು ಹಸಿರು. ನೀಲಿ ಜೋಡಿ 4-5ರಲ್ಲಿದೆ. ಪ್ಲಗ್ಗಿನಲ್ಲೂ ಜ್ಯಾಕ್‌ನಲ್ಲೂ ಹಸಿರಿನ ಎರಡು ತಂತಿಗಳು ನೀಲಿಯ ಎರಡೂ ಬದಿಗೆ ಹರಡಿಕೊಂಡು ನಿಲ್ಲುವುದರಿಂದ ಈ ಎರಡು ಜೋಡಿಗಳ ನಡುವಿನ ಸೋರಿಕೆಯೇ ಸಾಮಾನ್ಯವಾಗಿ ಅತಿ ಕೆಟ್ಟದ್ದು. ವೇಗ ನೂರಕ್ಕೆ ಇಳಿದಾಗ ನೀಲಿ ಜೋಡಿ ಮೌನವಾಗುತ್ತದೆ, ಅದರೊಂದಿಗೆ ಗದ್ದಲವೂ ನಿಲ್ಲುತ್ತದೆ. ತಂತಿ ಕಡಿದಿದ್ದರೆ ಸಂಪರ್ಕ ಬೆಳಿಗ್ಗೆಯೂ ಗಿಗಾಬಿಟ್‌ಗೆ ಏರುತ್ತಿರಲಿಲ್ಲ. ಹಾಗಾಗಿ ನನ್ನ ಅನುಮಾನ ನೇರವಾಗಿ ನೀಲಿ ಮತ್ತು ಹಸಿರಿನ ನಡುವಿನ ಕ್ರಾಸ್‌ಟಾಕ್ ಮೇಲೆ ಹೋಯಿತು.

ಮರುದಿನ ಸರ್ಟಿಫಿಕೇಷನ್ ಟೆಸ್ಟರ್ ತಂದೆವು. ನಮ್ಮ ಕಡೆ ತಯಾರಕರ ಹೆಸರಿನಿಂದ ಎಲ್ಲರೂ ಫ್ಲೂಕ್ ಟೆಸ್ಟ್ ಎಂದೇ ಕರೆಯುವ ಪರೀಕ್ಷೆ ಇದು. ಈ ಹಂತದಲ್ಲಿ ಹಲವರು ತಪ್ಪುವ ಒಂದು ಆಯ್ಕೆ ಇದೆ: ಪರ್ಮನೆಂಟ್ ಲಿಂಕ್ ಅಳೆಯಬೇಕೋ, ಚಾನೆಲ್ ಅಳೆಯಬೇಕೋ. ಪ್ಯಾನೆಲ್‌ನಿಂದ ಮೇಜಿನ ಬಳಿ ಕೇಬಲ್ ಚುಚ್ಚುವ ಐ.ಒ. ಬಾಕ್ಸ್‌ವರೆಗಿನ, ಗೋಡೆ ಮತ್ತು ಸೀಲಿಂಗ್‌ನಲ್ಲಿ ಕೂತ ಭಾಗ ಪರ್ಮನೆಂಟ್ ಲಿಂಕ್. ಅದಕ್ಕೆ 90 ಮೀಟರ್. ಪ್ಯಾನೆಲ್‌ನಿಂದ ಸ್ವಿಚ್‌ಗೂ ಬಾಕ್ಸ್‌ನಿಂದ ಕಂಪ್ಯೂಟರ್‌ಗೂ ಹೋಗುವ ಪ್ಯಾಚ್ ಕಾರ್ಡ್‌ಗಳು ಸೇರಿದರೆ ಚಾನೆಲ್, ಅದಕ್ಕೆ 100. ಪ್ಯಾಚ್ ಕಾರ್ಡ್‌ಗಳಿಗೆ ಹತ್ತೇ ಮೀಟರ್ ಮೀಸಲಿಡಲು ಕಾರಣವಿದೆ. ಅವು ಬಳುಕಬೇಕಾದ್ದರಿಂದ ಎಳೆ ಎಳೆಯಾದ ತಂತಿಯಿಂದ ಮಾಡಿರುತ್ತಾರೆ, ಅಷ್ಟೇ ದಪ್ಪದ ಒಂಟಿ ತಂತಿಗಿಂತ ಅವುಗಳಲ್ಲಿ ನಷ್ಟ ಶೇಕಡಾ ಇಪ್ಪತ್ತರವರೆಗೆ ಹೆಚ್ಚು. ಚಾನೆಲ್ ಅಳತೆಯಲ್ಲಿ ಫೇಲ್ ಎಂದು ಬಂದರೆ ದೋಷ ಗೋಡೆಯೊಳಗಿದೆಯೋ ಕಾರ್ಡ್‌ನಲ್ಲಿದೆಯೋ ಗೊತ್ತಾಗದು. ಆದ್ದರಿಂದ ನಾನು ಮೊದಲು ಪರ್ಮನೆಂಟ್ ಲಿಂಕ್ ಅಳೆಯುತ್ತೇನೆ.

ಆರು ಪೋರ್ಟ್‌ಗಳನ್ನಷ್ಟೇ ಅಳೆಯಿರಿ ಎಂದು ಕಚೇರಿಯವರು ಕೇಳಿದರು. ನಾನು ಇಪ್ಪತ್ತನಾಲ್ಕನ್ನೂ ಅಳೆದೆ. ಇಪ್ಪತ್ತನಾಲ್ಕರಲ್ಲೂ ನೆಕ್ಸ್ಟ್ ಫೇಲ್ ಆಯಿತು. ಪರ್ಮನೆಂಟ್ ಲಿಂಕ್‌ಗೆ 100 ಮೆಗಾಹರ್ಟ್ಸ್‌ನಲ್ಲಿ 32.3 ಡೆಸಿಬೆಲ್ ಬೇಕಾದಲ್ಲಿ ನೀಲಿ–ಹಸಿರು ಜೋಡಿಗಳ ನಡುವೆ 24, 25 ಬರುತ್ತಿತ್ತು. ಹದಿನೆಂಟು ಮೀಟರ್ ದೂರದ ಸ್ವಾಗತ ಮೇಜಿನ ಪೋರ್ಟ್‌ನಲ್ಲೂ ಅದೇ ಅಂಕಿ. ಅಲ್ಲಿ ವರ್ಷಗಳಿಂದ ಒಂದು ದೂರೂ ಬಂದಿರಲಿಲ್ಲ.

ಒಳ್ಳೆಯ ಟೆಸ್ಟರ್ ದೋಷ ಇದೆ ಎನ್ನುವುದರ ಜತೆಗೆ ಅದು ಎಲ್ಲಿದೆ ಎಂಬುದನ್ನೂ ತೋರಿಸುತ್ತದೆ. ಅದು ಒಂದು ಸ್ಪಂದನವನ್ನು ಒಂದು ಜೋಡಿಗೆ ಬಿಟ್ಟು, ಪಕ್ಕದ ಜೋಡಿಯಲ್ಲಿ ಅದರ ಸೋರಿಕೆ ಎಷ್ಟು ನ್ಯಾನೋಸೆಕೆಂಡ್‌ಗಳ ಬಳಿಕ ಮರಳುತ್ತದೆ ಎಂದು ಅಳೆದು, ದೂರದ ನಕ್ಷೆಯ ಮೇಲೆ ಶಿಖರವಾಗಿ ಬಿಡಿಸುತ್ತದೆ. ಇಡೀ ಕೇಬಲ್ ಕಳಪೆಯಾಗಿದ್ದರೆ ನಕ್ಷೆ ಉದ್ದಕ್ಕೂ ಉಬ್ಬಿರುತ್ತದೆ. ಮಧ್ಯದಲ್ಲೆಲ್ಲೋ ಕೇಬಲ್ ಟೈ ಬಿಗಿದು ಜಜ್ಜಿದ್ದರೆ ಅಲ್ಲೊಂದು ಶಿಖರ ಕಾಣುತ್ತದೆ. ನಮ್ಮ ನಕ್ಷೆಯಲ್ಲಿ ರ‍್ಯಾಕ್ ಕಡೆಯ ಮೊದಲ ಮೀಟರಿನೊಳಗೆ ಒಂದೇ ಒಂದು ಎತ್ತರದ ಶಿಖರ, ಉಳಿದದ್ದೆಲ್ಲ ಸಮತಟ್ಟು.

ರ‍್ಯಾಕ್‌ನ ಹಿಂದಿನ ಬಾಗಿಲು ತೆಗೆದಾಗ ಕಾರಣ ಕಣ್ಣೆದುರೇ ಇತ್ತು, ಮತ್ತು ಅದು ನೋಡಲು ಬಹಳ ಅಚ್ಚುಕಟ್ಟಾಗಿತ್ತು. ಯಾರೋ ಶ್ರದ್ಧೆಯಿಂದ ಪ್ರತಿ ಕೇಬಲ್‌ನ ಹೊರಕವಚವನ್ನು ಒಂದು ಗೇಣಿನಷ್ಟು ಸುಲಿದು, ಜೋಡಿಗಳ ಹುರಿಯನ್ನು ಪೂರ್ತಿ ಬಿಚ್ಚಿ, ಎಂಟು ತಂತಿಗಳನ್ನೂ ಬಾಚಿದ ಕೂದಲಿನಂತೆ ನೇರ ಮಾಡಿ, ಒಂದರ ಪಕ್ಕ ಒಂದನ್ನು ಮಲಗಿಸಿ, ಪ್ಯಾನೆಲ್‌ನ ಹಲ್ಲುಗಳಿಗೆ ಒತ್ತಿ ಪಂಚ್ ಮಾಡಿದ್ದರು. ಮಾನದಂಡ ಹೇಳುವುದು ಹುರಿಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರದು ಎಂದು. ಅಂದರೆ ಅರ್ಧ ಇಂಚು, ನಿಮ್ಮ ಕಿರುಬೆರಳಿನ ಉಗುರಿನಷ್ಟು ಜಾಗ. ವಿದ್ಯುತ್ ಕೆಲಸದಲ್ಲಿ ಪಳಗಿದ ಕೈಗಳಿಗೆ ಈ ನಿಯಮ ವಿಚಿತ್ರವಾಗಿ ತೋರುತ್ತದೆ. ಡಿಸ್ಟ್ರಿಬ್ಯೂಷನ್ ಬೋರ್ಡ್‌ನಲ್ಲಿ ನೇರವಾಗಿ, ಸಾಲಾಗಿ ನಿಂತ ತಂತಿಗಳೇ ಒಳ್ಳೆಯ ಕೆಲಸದ ಗುರುತು. ಆ ಕೆಲಸಗಾರರನ್ನು ನಾನು ದೂರುವುದಿಲ್ಲ. ಅವರಿಗೆ ಯಾರೂ ಹುರಿಯ ಕಾರಣವನ್ನು ಹೇಳಿರಲಿಲ್ಲ, ಕೆಲಸ ಮುಗಿದ ಮೇಲೆ ಎಂಟು ದೀಪಗಳಾಚೆ ಯಾವ ಪರೀಕ್ಷೆಯನ್ನೂ ಕೇಳಿರಲಿಲ್ಲ.

ಪ್ಯಾನೆಲ್‌ನ ಹಿಂದೆ ಪ್ರತಿ ಕೇಬಲ್‌ಗೂ ಸ್ವಲ್ಪ ಹೆಚ್ಚುವರಿ ಉದ್ದ ಸುತ್ತಿಟ್ಟಿದ್ದರಿಂದ ಕೆಲಸ ಸುಲಭವಾಯಿತು. ಹಳೆಯ ತುದಿಯನ್ನು ಕತ್ತರಿಸಿ, ಹೊರಕವಚವನ್ನು ಪ್ಯಾನೆಲ್‌ನ ಹಲ್ಲುಗಳ ಹತ್ತಿರದವರೆಗೂ ಉಳಿಸಿಕೊಂಡು, ಜೋಡಿಯ ಹುರಿಯನ್ನು ಹಲ್ಲಿನ ಬಾಯಿಯವರೆಗೆ ಹಾಗೇ ಒಯ್ದು, ಕೊನೆಯ ಗಳಿಗೆಯಲ್ಲಿ ಮಾತ್ರ ಎರಡು ತಂತಿಗಳನ್ನು ಬೇರ್ಪಡಿಸಿ ಪಂಚ್ ಮಾಡಿದೆವು. ಮೊದಲು ನೀಲಿಯನ್ನು, ಬಳಿಕ ಹಸಿರನ್ನು ಮುಗಿಸುವುದು ನನ್ನ ರೂಢಿ; ಈ ಎರಡಕ್ಕೆ ಬೇಕಾದ ಎಚ್ಚರಿಕೆಯನ್ನು ಕೈ ದಣಿಯುವ ಮುನ್ನವೇ ಕೊಡಬೇಕು. ಪ್ರತಿ ಪೋರ್ಟ್ ಮುಗಿದ ಕೂಡಲೇ ಅಳೆದೆವು. ಹತ್ತೊಂಬತ್ತರಿಂದ ಇಪ್ಪತ್ತೆರಡರವರೆಗಿನ ನಾಲ್ಕು ಲಿಂಕ್‌ಗಳು, 82ರಿಂದ 88 ಮೀಟರ್ ಉದ್ದದವು, ಮೂರು ನಾಲ್ಕು ಡೆಸಿಬೆಲ್ ಮಿಗಿಸಿಕೊಂಡು ಪಾಸಾದವು.

ಆದರೂ ಇಪ್ಪತ್ತೊಂದನೆಯ ಪೋರ್ಟ್‌ನ ಕಂಪ್ಯೂಟರ್ ತಪ್ಪುಗಳನ್ನು ತೋರಿಸುತ್ತಲೇ ಇತ್ತು. ಪರ್ಮನೆಂಟ್ ಲಿಂಕ್ ಪಾಸಾಗಿ ಚಾನೆಲ್ ಫೇಲಾದರೆ ದೋಷ ಪ್ಯಾಚ್ ಕಾರ್ಡ್‌ನಲ್ಲಿದೆ ಎಂದರ್ಥ. ಮೇಜಿನ ಕಡೆಯ ಕಾರ್ಡ್ ಯಾರೋ ಕೈಯಿಂದ ಕ್ರಿಂಪ್ ಮಾಡಿದ್ದು. ಅದರಲ್ಲಿ ಹಸಿರು ಜೋಡಿಯನ್ನು 3-4ಕ್ಕೂ ನೀಲಿ ಜೋಡಿಯನ್ನು 5-6ಕ್ಕೂ, ಎರಡೂ ತುದಿಯಲ್ಲಿ ಒಂದೇ ರೀತಿ ಹಾಕಿದ್ದರು. ಒಂದಕ್ಕೆ ಒಂದು, ಎರಡಕ್ಕೆ ಎರಡು ಎಂದು ಎಂಟು ದೀಪಗಳೂ ಸರಿಯಾಗಿಯೇ ಬೆಳಗುತ್ತವೆ. ಆದರೆ 3-6 ಎಂಬ ಸಂಕೇತ ಈಗ ಒಂದು ಹಸಿರು ಮತ್ತು ಒಂದು ನೀಲಿ ತಂತಿಯಲ್ಲಿ ಓಡುತ್ತಿದೆ, ಅಂದರೆ ಹುರಿಯೇ ಇಲ್ಲದ ಜೋಡಿಯಲ್ಲಿ. ಇದನ್ನು ಸ್ಪ್ಲಿಟ್ ಪೇರ್ ಎನ್ನುತ್ತಾರೆ. ಕಾರ್ಡ್‌ನ ಪ್ಲಗ್ಗನ್ನು ಬೆಳಕಿಗೆ ಹಿಡಿದು ಬಣ್ಣ ಓದಿದರೆ ಸಾಕು: ಮೂರನೆಯದರಿಂದ ಆರನೆಯದರವರೆಗೆ ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು ಎಂಬ ಕ್ರಮ ಇರಬೇಕು. ಹಸಿರು ಎರಡೂ ಅಕ್ಕಪಕ್ಕ ಕಂಡರೆ ಕಾರ್ಡ್ ಬಿಸಾಡಿ. ನಾವೂ ಅದನ್ನೇ ಮಾಡಿ, ಕಾರ್ಖಾನೆಯಲ್ಲಿ ತಯಾರಾದ ಮೂರು ಮೀಟರಿನದನ್ನು ಹಾಕಿದೆವು.

ಉಳಿದದ್ದು 23 ಮತ್ತು 24. ಇವುಗಳ ನೆಕ್ಸ್ಟ್ ಈಗ ಪಾಸ್, ಆದರೆ ನಷ್ಟದ ಅಳತೆ ಫೇಲ್. ಟೆಸ್ಟರ್ ಹೇಳಿದ ಉದ್ದ 103 ಮತ್ತು 105 ಮೀಟರ್. ಕಚೇರಿಯವರು ನಂಬಲಿಲ್ಲ, ಅವರ ನಕ್ಷೆಯಲ್ಲಿ ರ‍್ಯಾಕ್‌ನಿಂದ ಆ ಮೂಲೆಗೆ 78 ಮೀಟರ್ ಎಂದಿತ್ತು. ಟೆಸ್ಟರ್ ಅಳೆಯುವುದು ಸಮಯವನ್ನು. ಕೇಬಲ್‌ನಲ್ಲಿ ಸಂಕೇತದ ವೇಗ ಬೆಳಕಿನ ವೇಗದ ಶೇಕಡಾ 69ರ ಆಸುಪಾಸು ಎಂಬ ಊಹೆಯಿಂದ ಅದನ್ನು ಮೀಟರ್‌ಗೆ ಪರಿವರ್ತಿಸುತ್ತದೆ, ಹಾಗಾಗಿ ಕೆಲವು ಮೀಟರ್ ಆಚೀಚೆ ಆಗಬಹುದು. ಅನುಮಾನ ಬಗೆಹರಿಸಲು ಕೇಬಲ್‌ನ ಮೈಮೇಲೆಯೇ ಒಂದು ದಾರಿ ಇದೆ. ಹೊರಕವಚದ ಮೇಲೆ ಪ್ರತಿ ಮೀಟರಿಗೆ ಅನುಕ್ರಮ ಸಂಖ್ಯೆ ಮುದ್ರಿಸಿರುತ್ತಾರೆ. ಎರಡು ತುದಿಗಳಲ್ಲಿ ಕಾಣುವ ಸಂಖ್ಯೆಗಳನ್ನು ಓದಿ ಕಳೆದರೆ ಉದ್ದ ಸಿಗುತ್ತದೆ. ಇಪ್ಪತ್ತನಾಲ್ಕನೆಯದರಲ್ಲಿ ವ್ಯತ್ಯಾಸ 104 ಬಂತು. ನಕ್ಷೆಯಲ್ಲಿ ಕಾಣದ ಇಪ್ಪತ್ತಾರು ಮೀಟರ್‌ಗಳು ಎಲ್ಲಿ ಹೋದವೆಂದರೆ, ರ‍್ಯಾಕ್‌ನಿಂದ ಸೀಲಿಂಗ್‌ಗೆ ಏರಿದ್ದು, ಲಿಫ್ಟ್ ಗೋಡೆಯನ್ನು ಸುತ್ತಿ ಹೋದದ್ದು, ಆ ತುದಿಯಲ್ಲಿ ಕಂಬದೊಳಗೆ ಇಳಿದು ಮೇಜುಗಳ ಕೆಳಗೆ ಓಡಿದ್ದು, ಮತ್ತು ಮುಂದೆ ಬೇಕಾದೀತೆಂದು ಸೀಲಿಂಗ್ ಮೇಲೆ ಸುತ್ತಿಟ್ಟ ಒಂದು ಸುರುಳಿ.

ಮಧ್ಯಾಹ್ನದ ರಹಸ್ಯವೂ ಆ ಸೀಲಿಂಗ್ ಮೇಲೆಯೇ ಇತ್ತು. ಮಾನದಂಡದ 90 ಮೀಟರ್ ಲೆಕ್ಕ 20 ಡಿಗ್ರಿ ಸೆಲ್ಸಿಯಸ್‌ಗೆ ಮಾಡಿದ್ದು. ಅದಕ್ಕಿಂತ ಮೇಲೆ, 40 ಡಿಗ್ರಿಯವರೆಗೆ, ಪ್ರತಿ ಡಿಗ್ರಿಗೆ ನಷ್ಟ ಶೇಕಡಾ 0.4ರಷ್ಟು ಹೆಚ್ಚುತ್ತದೆ, ಆಮೇಲೆ ಶೇಕಡಾ 0.6ರಷ್ಟು. 40 ಡಿಗ್ರಿಯಲ್ಲಿ 90 ಮೀಟರಿನ ಅನುಮತಿ 84ಕ್ಕೆ ಇಳಿಯುತ್ತದೆ. ಬೆಂಗಳೂರಿನ ಹವೆಗೆ ಇದು ಅನ್ವಯಿಸದು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಕೇಬಲ್ ಇರುವುದು ಎಸಿ ಇರುವ ಹಜಾರದಲ್ಲಿ ಅಲ್ಲ, ಬಿಸಿಲು ಕಾದ ತಾರಸಿಗೂ ಫಾಲ್ಸ್ ಸೀಲಿಂಗ್‌ಗೂ ನಡುವಿನ ಗಾಳಿಯಾಡದ ಸಂದಿಯಲ್ಲಿ. ಏಪ್ರಿಲ್‌ನ ಆ ಮಧ್ಯಾಹ್ನ ಅಲ್ಲಿ ತಾಪಮಾಪಕ ಇಟ್ಟಾಗ 45 ಡಿಗ್ರಿ ತೋರಿಸಿತು. ಅಂದರೆ ನಷ್ಟ ಸುಮಾರು ಶೇಕಡಾ ಹನ್ನೊಂದು ಹೆಚ್ಚು. ಹಿಂದೆ ಹೇಳಿದ ನೂರು ಮೀಟರಿನ ಲೆಕ್ಕದಲ್ಲಿ 24 ಡೆಸಿಬೆಲ್ 26.6 ಆಗಿ, 63 ಮಿಲಿವೋಲ್ಟ್‌ನ ಸಂಕೇತ 47ಕ್ಕೆ ಇಳಿಯುತ್ತದೆ. ಕೆಟ್ಟ ಪ್ಯಾನೆಲ್‌ನ ಗದ್ದಲ ಮಾತ್ರ 63ರಲ್ಲೇ ಇರುತ್ತದೆ, ಏಕೆಂದರೆ ರ‍್ಯಾಕ್ ಇರುವ ಕೋಣೆ ದಿನವಿಡೀ ತಣ್ಣಗಿರುತ್ತದೆ.

ದುರಸ್ತಿಯಾದ ನಾಲ್ಕೂ ಲಿಂಕ್‌ಗಳು ಈ ಬಿಸಿಯಲ್ಲಿ ಲೆಕ್ಕದ ಪ್ರಕಾರ ಮಿತಿ ಮೀರಿದವೇ, ಅದರಲ್ಲೂ 88 ಮೀಟರಿನದು ಎಲ್ಲಕ್ಕಿಂತ ಹೆಚ್ಚು. ಅದನ್ನು ನಾನು ಕಚೇರಿಯವರಿಂದ ಮುಚ್ಚಿಡಲಿಲ್ಲ. ಆ ಕೇಬಲ್ ಮಾನದಂಡಕ್ಕಿಂತ ಕೊಂಚ ಉತ್ತಮವಾಗಿತ್ತು ಮತ್ತು ಅದರ ಎರಡೂ ಕಡೆಯ ಕಾರ್ಡ್‌ಗಳು ಚಿಕ್ಕವು. ಮಧ್ಯಾಹ್ನ ಮೂರಕ್ಕೆ ಅರ್ಧ ಗಂಟೆ ಕಡತ ಎಳೆದು ನೋಡಿದಾಗ `crc` ಸೊನ್ನೆಯಲ್ಲೇ ನಿಂತಿತು. ಅದನ್ನು ಹಾಗೇ ಬಿಟ್ಟೆವು.

23 ಮತ್ತು 24ಕ್ಕೆ ಪ್ಯಾನೆಲ್‌ನಲ್ಲಿ ಏನು ಮಾಡಿದರೂ ಫಲವಿರಲಿಲ್ಲ. ಸುರುಳಿ ಬಿಚ್ಚಿ ಕತ್ತರಿಸಿದರೆ ಏಳೆಂಟು ಮೀಟರ್ ಉಳಿಯುತ್ತಿತ್ತು, ಆದರೂ 90ರ ಮೇಲೆಯೇ ನಿಲ್ಲುತ್ತಿತ್ತು. ಹೊಸದಾಗಿ ಕ್ಯಾಟ್ 6 ಎಳೆಯೋಣವೇ ಎಂದು ಅವರು ಕೇಳಿದರು. ಕ್ಯಾಟ್ 6ರಲ್ಲಿ ನಷ್ಟ ಕಡಿಮೆ, ನೂರು ಮೀಟರಿನ ಚಾನೆಲ್‌ಗೆ 100 ಮೆಗಾಹರ್ಟ್ಸ್‌ನಲ್ಲಿ 21.3 ಡೆಸಿಬೆಲ್, ಗಿಗಾಬಿಟ್ ಆ ದೂರಕ್ಕೂ ಓಡಿಬಿಡಬಹುದು. ಆದರೆ ಕ್ಯಾಟ್ 6ಕ್ಕೂ ಮಿತಿ ಅದೇ 90 ಮೀಟರ್, ಮತ್ತು ಆ ದೂರಕ್ಕೆ ಯಾರೂ ಪ್ರಮಾಣಪತ್ರ ಕೊಡುವುದಿಲ್ಲ. ಮುಂದೊಂದು ದಿನ ಹತ್ತು ಗಿಗಾಬಿಟ್ ಬೇಕೆಂದರೆ ಕ್ಯಾಟ್ 6 ಒಳ್ಳೆಯ ಪರಿಸ್ಥಿತಿಯಲ್ಲೂ 55 ಮೀಟರ್ ದಾಟುವುದಿಲ್ಲ, ಏಕೆಂದರೆ ಅಲ್ಲಿ ಒಂದೇ ಕಟ್ಟಿನ ಅಕ್ಕಪಕ್ಕದ ಕೇಬಲ್‌ಗಳೇ ಪರಸ್ಪರ ಸೋರತೊಡಗುತ್ತವೆ, ಮತ್ತು ಪಕ್ಕದ ಕೇಬಲ್ ಏನು ಕಳುಹಿಸುತ್ತಿದೆ ಎಂದು ಚಿಪ್‌ಗೆ ತಿಳಿಯದ ಕಾರಣ ಅದನ್ನು ಕಳೆಯಲೂ ಆಗದು.

ಕೊನೆಗೆ ಆ ಮೂಲೆಯಲ್ಲಿ ಗೋಡೆಗೆ ಒಂದು ಚಿಕ್ಕ ರ‍್ಯಾಕ್ ಕೂರಿಸಿ, ಮುಖ್ಯ ರ‍್ಯಾಕ್‌ನಿಂದ ಅಲ್ಲಿಗೆ ಆಪ್ಟಿಕಲ್ ಫೈಬರ್ ಎಳೆದು, ಎಂಟು ಪೋರ್ಟ್‌ಗಳ ಸ್ವಿಚ್ ಇಟ್ಟೆವು. ಲೆಕ್ಕಪತ್ರ ವಿಭಾಗದ ಆ ಎರಡು ಮೇಜುಗಳಿಗೆ ಈಗ ತಾಮ್ರದ ಕೇಬಲ್ ಓಡುವುದು ಹನ್ನೊಂದು ಮೀಟರ್. ಹಳೆಯ ಎರಡು ಕೇಬಲ್‌ಗಳನ್ನು ಪ್ಯಾನೆಲ್‌ನಿಂದ ಬಿಚ್ಚಿ, ಮತ್ತೆ ಯಾರೂ ತಿಳಿಯದೆ ಜೋಡಿಸದಿರಲೆಂದು ಎರಡೂ ತುದಿಗೆ ಉದ್ದ ಬರೆದ ಚೀಟಿ ಕಟ್ಟಿದೆವು.